ಶನಿವಾರದ ಉಚಿತ ಕ್ರೋಶಾ ತರಗತಿ: ನೆರೆಹೊರೆಯವರಿಗೆ ಪತ್ರ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಮಾನ್ಯ ನೆರೆಹೊರೆಯವರಿಗೆ ನಮಸ್ಕಾರಗಳು.

ಶಾಲೆಯಲ್ಲಿ ಪಾಠದ ಜೊತೆಗೆ ಮಕ್ಕಳಿಗೆ ಕೈಕಸುಬನ್ನೂ ಕಲಿಸುತ್ತಿದ್ದ ನಾನು ನಿವೃತ್ತಿಯಾದ ಮೇಲೆ ವಿನೋಬನಗರದ ನಮ್ಮ ಮನೆಯ ಜಗಲಿಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮೂರೂವರೆಯಿಂದ ಐದು ಗಂಟೆಯವರೆಗೆ ಕ್ರೋಶಾ ಹೆಣಿಗೆಯನ್ನು ಹೇಳಿಕೊಡುತ್ತಿದ್ದೇನೆ. ಕಡ್ಡಿಯನ್ನು ಒಮ್ಮೆಯೂ ಹಿಡಿಯದವರಿಗಾಗಿಯೇ ಇರುವ ಈ ತರಗತಿಗೆ ತಾವೆಲ್ಲರೂ ಬರಬೇಕೆಂದು ಕೋರುತ್ತೇನೆ. ಹಾಲಿನ ಅಂಗಡಿಯ ಬಳಿ, ದೇವಸ್ಥಾನದಲ್ಲಿ, ಗೇಟಿನ ಮುಂದೆ ನಿಂತು ಅನೇಕರು ಕೇಳಿದ ಪ್ರಶ್ನೆಗಳಿಗೆ ಅವಸರದಲ್ಲಿ ಅರ್ಧ ಉತ್ತರ ಕೊಡಬೇಕಾಗುತ್ತಿತ್ತು. ಆದ್ದರಿಂದ ಅವುಗಳಿಗೆ ಇಲ್ಲಿ ಪೂರ್ತಿಯಾಗಿ ಉತ್ತರ ಬರೆದಿದ್ದೇನೆ.

ಈ ತರಗತಿಯಲ್ಲಿ ನಿಖರವಾಗಿ ಏನನ್ನು ಕಲಿಸುತ್ತೀರಿ?

ಒಂದೇ ಒಂದು ಚೌಕವನ್ನು ಸರಿಯಾಗಿ ಹೆಣೆಯುವುದನ್ನು ಕಲಿಸುತ್ತೇನೆ. ಹದಿನೈದು ಹೆಣಿಕೆ ಅಗಲವಿರುವ, ನಾಲ್ಕೂ ಅಂಚು ನೇರವಾಗಿರುವ, ಅಂಗೈಯಷ್ಟು ದೊಡ್ಡ ಚೌಕ ಅದು. ಕೇಳುವಾಗ ಇದು ಬಹಳ ಸಣ್ಣ ಗುರಿಯಂತೆ ಕಾಣಬಹುದು. ಆದರೆ ಮೊದಲ ಬಾರಿಗೆ ಹೆಣೆಯುವ ಹೆಚ್ಚಿನವರ ಚೌಕವು ಮೇಲೆ ಹೋದಂತೆ ಕಿರಿದಾಗಿ ತ್ರಿಕೋನವಾಗುತ್ತದೆ, ಇಲ್ಲವೇ ಅಗಲವಾಗುತ್ತಾ ಹೋಗುತ್ತದೆ. ಅದು ಏಕೆ ಹಾಗಾಯಿತೆಂದು ತಿಳಿಯದೆ ಅಲ್ಲಿಗೇ ಕಡ್ಡಿಯನ್ನು ಕಪಾಟಿನಲ್ಲಿಟ್ಟವರು ನಮ್ಮ ಬೀದಿಯಲ್ಲಿಯೇ ಹಲವರಿದ್ದಾರೆ. ಅಂಚನ್ನು ನೇರವಾಗಿ ಇಡಲು ಬಂದರೆ ಟೇಬಲ್ ಮೇಲಿನ ಹಾಸು, ಬಾಗಿಲ ತೋರಣ, ಮಫ್ಲರ್ ಇವೆಲ್ಲವೂ ಅದೇ ಕೈಯಲ್ಲಿ ಮೂಡುತ್ತವೆ. ಹೀಗಾಗಿ ಹೂವು, ಗೊಂಬೆ ಮತ್ತು ಚೀಲಗಳನ್ನು ನಾನು ಆರಂಭದಲ್ಲಿ ಹೇಳಿಕೊಡುವುದಿಲ್ಲ.

ಉಚಿತವೆಂದರೆ ಸಾಮಾನೂ ಉಚಿತವೇ?

ಕಲಿಸುವುದಕ್ಕೆ ಏನನ್ನೂ ತೆಗೆದುಕೊಳ್ಳುವುದಿಲ್ಲ, ಕಾಣಿಕೆಯ ಡಬ್ಬವನ್ನೂ ಇಟ್ಟಿಲ್ಲ. ಮೊದಲ ಕೆಲವು ವಾರ ಕಡ್ಡಿಯನ್ನೂ ಚೌಕಕ್ಕೆ ಬೇಕಾದ ನೂಲನ್ನೂ ನಾನೇ ಕೊಡುತ್ತೇನೆ. ಒಂದು ಚೌಕಕ್ಕೆ ಹತ್ತು ಗ್ರಾಮಿನ ಆಸುಪಾಸು ನೂಲು ಸಾಕಾಗುವುದರಿಂದ ಅದು ಭಾರವೇನಲ್ಲ. ಮುಂದುವರಿಸಬೇಕೆಂದು ತಮಗೆ ಅನ್ನಿಸಿದ ಮೇಲೆ ಸ್ವಂತ ಕಡ್ಡಿಯನ್ನು ಕೊಂಡರೆ ಸಾಕು.

ಕೊಳ್ಳುವಾಗ ಯಾವ ಕಡ್ಡಿ, ಯಾವ ನೂಲು ಕೇಳಬೇಕು?

ನಾಲ್ಕು ಮಿಲಿಮೀಟರಿನ ಅಲ್ಯೂಮಿನಿಯಂ ಕ್ರೋಶಾ ಕಡ್ಡಿಯನ್ನು ಕೇಳಿ. ಅಳತೆಯು ಸಾಮಾನ್ಯವಾಗಿ ಕಡ್ಡಿಯ ನಡುವಿನ ಚಪ್ಪಟೆ ಭಾಗದ ಮೇಲೆ ಒತ್ತಿರುತ್ತದೆ. ಗಾಂಧಿ ಬಜಾರಿನ ಕಡೆ ಹೋದಾಗ ದಾರ, ಗುಂಡಿ, ಲೇಸು ಮಾರುವ ಅಂಗಡಿಗಳಲ್ಲಿ ವಿಚಾರಿಸಬಹುದು. ಅಲ್ಲಿ ಅತಿ ಸಣ್ಣ ಮೂತಿಯ ಉಕ್ಕಿನ ಕಡ್ಡಿಯನ್ನೇ ಮೊದಲು ತೋರಿಸಿದರೆ ಬೇಡವೆನ್ನಿ, ಏಕೆಂದರೆ ಅದು ತೆಳುವಾದ ಲೇಸು ದಾರಕ್ಕೆ ಇರುವಂಥದ್ದು. ಆ ಕಡ್ಡಿಯಲ್ಲಿ ಹೆಣಿಕೆಗಳು ಎಷ್ಟು ಚಿಕ್ಕದಾಗುತ್ತವೆಂದರೆ ಹೊಸಬರಿಗೆ ತಾವು ಎಲ್ಲಿ ತಪ್ಪಿದೆವೆಂಬುದೇ ಕಾಣಿಸುವುದಿಲ್ಲ.

ನೂಲು ನುಣುಪಾಗಿರಬೇಕು, ತಿಳಿ ಬಣ್ಣದ್ದಾಗಿರಬೇಕು. ಕಪ್ಪು, ಕಡುನೀಲಿ ಮತ್ತು ಕಂದು ಬಣ್ಣದ ನೂಲಿನಲ್ಲಿ ಹೆಣಿಕೆಯ ಎಳೆಗಳು ಒಂದರೊಳಗೊಂದು ಕರಗಿದಂತಾಗುತ್ತವೆ. ನಮ್ಮಲ್ಲಿ ಆಷಾಢದ ಮಧ್ಯಾಹ್ನ ಮೂರು ಗಂಟೆಗೇ ಕತ್ತಲೆ ಕವಿದು, ಅದೇ ಹೊತ್ತಿಗೆ ಕರೆಂಟೂ ಹೋಗುವುದನ್ನು ತಾವೆಲ್ಲ ಬಲ್ಲಿರಿ. ಆಗಲೂ ಹಳದಿ ಅಥವಾ ಆಕಾಶನೀಲಿ ನೂಲಿನಲ್ಲಿ ಹೆಣಿಕೆಗಳನ್ನು ಎಣಿಸಬಹುದು. ಕೂದಲಿನಂತೆ ಎಳೆ ಬಿಟ್ಟಿರುವ ಉಲ್ಲನ್ ನೋಡಲು ಬಹಳ ಚೆನ್ನಾಗಿರುತ್ತದೆ, ಆದರೆ ಅದನ್ನು ಬಿಚ್ಚುವುದು ಕಷ್ಟ. ಕಲಿಯುವವರು ಪದೇ ಪದೇ ಬಿಚ್ಚಲೇಬೇಕಾಗುತ್ತದೆ.

ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಹೆಚ್ಚಿನ ಪಾಲು ಅಕ್ರಿಲಿಕ್ ನೂಲೇ ಆಗಿರುತ್ತದೆ. ಚೌಕ ಕಲಿಯಲು ಅದು ಸಾಕು. ಆದರೆ ಅದೇ ಚೌಕವನ್ನು ಬಿಸಿ ಪಾತ್ರೆಯ ಕೆಳಗೆ ಇಡುವ ಅಥವಾ ಒಲೆಯಿಂದ ಪಾತ್ರೆ ಇಳಿಸಲು ಬಳಸುವ ಯೋಚನೆಯಿದ್ದರೆ ಹತ್ತಿಯ ನೂಲನ್ನೇ ತೆಗೆದುಕೊಳ್ಳಿ, ಹೆಣೆದ ಮೇಲೆ ಎರಡು ಪದರವಾಗಿ ಹೊಲಿಯಿರಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗಿ ಕರಗುತ್ತದೆ ಮತ್ತು ಕರಗಿದ್ದು ಕೈಗೆ ಅಂಟಿಕೊಂಡು ಸುಡುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನೂ ಅದರ ಮೇಲೆ ಇಡಬಾರದು.

ಒಂದು ಹೆಣಿಕೆ ಎಂದರೆ ಏನು? ಬರುವ ಮೊದಲೇ ಸ್ವಲ್ಪ ತಿಳಿದುಕೊಳ್ಳಬಹುದೇ?

ಖಂಡಿತ ತಿಳಿದುಕೊಳ್ಳಬಹುದು, ಆದರೆ ಕೈಯಲ್ಲಿ ಕಡ್ಡಿ ಇಲ್ಲದೆ ಓದಿದರೆ ಗೊಂದಲವಾದೀತು. ಮೊದಲು ನೂಲಿನ ತುದಿಯಲ್ಲಿ ಒಂದು ಜಾರುಗಂಟು ಹಾಕಿ ಕಡ್ಡಿಗೆ ಏರಿಸುತ್ತೇವೆ. ನೂಲನ್ನು ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಹಾಕಿ, ತೋರುಬೆರಳಿನ ಮೇಲಿಂದ ತಂದು, ಅಲ್ಲಿಂದ ಕಡ್ಡಿಗೆ ಕೊಡುತ್ತೇವೆ. ಕಡ್ಡಿಗೆ ನೂಲನ್ನು ಸುತ್ತಿ, ಅದನ್ನು ಕಡ್ಡಿಯ ಮೇಲಿರುವ ಕುಣಿಕೆಯ ಒಳಗಿನಿಂದ ಎಳೆದರೆ ಒಂದು ಚೈನ್ ಆಗುತ್ತದೆ. ಹೀಗೆ ಒಂದರ ಹಿಂದೆ ಒಂದು ಚೈನ್ ಹಾಕುತ್ತಾ ಹೋದಾಗ ಮೇಲಿನಿಂದ ನೋಡಲು ಅದು ಹೆಣೆದ ಜಡೆಯಂತಿರುತ್ತದೆ. ಮೊದಲ ಶನಿವಾರ ಪೂರ್ತಿ ಚೈನ್ ಹಾಕುವುದೇ ಕೆಲಸ.

ನಮ್ಮ ಚೌಕಕ್ಕೆ ಹದಿನಾರು ಚೈನ್ ಬೇಕು. ಕಡ್ಡಿಯ ಮೇಲಿರುವ ಕುಣಿಕೆಯನ್ನು ಎಣಿಸಬಾರದು. ಕಡ್ಡಿಯಿಂದ ಎರಡನೆಯ ಚೈನಿಗೆ ಕಡ್ಡಿಯನ್ನು ತೂರಿಸಿ ನೂಲನ್ನು ಸುತ್ತಿ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳಿರುತ್ತವೆ. ಮತ್ತೊಮ್ಮೆ ನೂಲು ಸುತ್ತಿ ಎರಡರೊಳಗಿನಿಂದಲೂ ಒಟ್ಟಿಗೆ ಎಳೆದರೆ ಒಂದು ಸಿಂಗಲ್ ಕ್ರೋಶಾ ಹೆಣಿಕೆ ಮುಗಿಯಿತು. ಉಳಿದ ಚೈನುಗಳಿಗೂ ಇದನ್ನೇ ಮಾಡಿದಾಗ ಮೊದಲ ಸಾಲಿನಲ್ಲಿ ಹದಿನೈದು ಹೆಣಿಕೆಗಳಾಗುತ್ತವೆ. ನಂತರ ಒಂದು ಚೈನ್ ಹಾಕಿ, ಕೆಲಸವನ್ನು ತಿರುಗಿಸಿ, ಎರಡನೆಯ ಸಾಲನ್ನು ಹೆಣೆಯುತ್ತೇವೆ. ಎರಡನೆಯ ಸಾಲಿನಿಂದ ಮುಂದೆ ಕಡ್ಡಿಯನ್ನು ಪ್ರತಿ ಹೆಣಿಕೆಯ ತಲೆಯ ಮೇಲೆ ಕಾಣುವ ಎರಡೂ ಎಳೆಗಳ ಕೆಳಗಿನಿಂದ ತೂರಿಸಬೇಕು. ಒಂದೇ ಎಳೆಯನ್ನು ಹಿಡಿದರೆ ಬಟ್ಟೆಯ ಮೇಲೆ ಅಡ್ಡಗೆರೆ ಮೂಡುತ್ತದೆ ಮತ್ತು ಆ ಭಾಗ ಹೆಚ್ಚು ಹಿಗ್ಗುತ್ತದೆ.

ನಾನು ಹಿಂದೊಮ್ಮೆ ವೀಡಿಯೊ ನೋಡಿ ಪ್ರಯತ್ನಿಸಿದ್ದೆ, ಚೌಕ ತ್ರಿಕೋನವಾಯಿತು. ತಪ್ಪು ಎಲ್ಲಿದೆ?

ಬಹುಮಟ್ಟಿಗೆ ತಪ್ಪು ಸಾಲಿನ ಕೊನೆಯಲ್ಲಿರುತ್ತದೆ. ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ತರಗತಿಯ ಅರ್ಧ ಪಾಠ ಇದರಲ್ಲಿಯೇ ಇದೆ.

ಸಾಲನ್ನು ಮುಗಿಸಿ ತಿರುಗಿಸುವಾಗ ಹಾಕುವ ಒಂದು ಚೈನ್ ಎತ್ತರಕ್ಕಾಗಿ ಮಾತ್ರ ಇರುತ್ತದೆ, ಸಿಂಗಲ್ ಕ್ರೋಶಾದಲ್ಲಿ ಅದನ್ನು ಹೆಣಿಕೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಹೊಸ ಸಾಲಿನ ಮೊದಲ ಹೆಣಿಕೆಯು ಹಿಂದಿನ ಸಾಲಿನ ತೀರಾ ತುದಿಯ ಹೆಣಿಕೆಯ ಮೇಲೆಯೇ ಬರಬೇಕು. ಈ ಮೊದಲ ಹೆಣಿಕೆಯನ್ನು ಬಿಗಿಯಾಗಿ ಎಳೆದಿದ್ದರೆ ಅದು ಅಂಚಿನ ಕಡೆಗೆ ವಾಲಿ ಚಿಕ್ಕದಾಗುತ್ತದೆ. ಮುಂದಿನ ಸಾಲು ಮುಗಿಯುವಾಗ ನಾವು ತಲುಪಬೇಕಾದ ಕೊನೆಯ ಹೆಣಿಕೆ ಅದೇ. ಅದು ಅಂಚಿನೊಳಗೆ ಸೇರಿಕೊಂಡಂತೆ ಕಾಣುವುದರಿಂದ ಸಾಲು ಮುಗಿಯಿತೆಂದು ಭಾವಿಸಿ ತಿರುಗಿಸಿಬಿಡುತ್ತೇವೆ. ಹೀಗೆ ಪ್ರತಿ ಸಾಲಿಗೂ ಒಂದೊಂದು ಹೆಣಿಕೆ ಕಳೆದುಹೋಗುತ್ತದೆ.

ಕಳೆದ ಮಳೆಗಾಲದಲ್ಲಿ ಕಲಿತ ನೆರೆಮನೆಯವರೊಬ್ಬರ ಚೌಕವನ್ನು ಉದಾಹರಣೆಯಾಗಿ ಹೇಳುತ್ತೇನೆ. ಎಂಟು ಸಾಲು ಹೆಣೆದು ತಂದಿದ್ದರು, ಎರಡೂ ಅಂಚುಗಳು ಒಳಗೆ ವಾಲಿದ್ದವು. ಎಂಟನೆಯ ಸಾಲನ್ನು ಎಣಿಸಿದಾಗ ಹತ್ತೇ ಹೆಣಿಕೆಗಳಿದ್ದವು, ಅಂದರೆ ಐದು ಕಡಿಮೆ. ಕೆಳಗಿನಿಂದ ಒಂದೊಂದೇ ಸಾಲನ್ನು ಎಣಿಸುತ್ತಾ ಬಂದೆವು. ಮೊದಲ ಮೂರು ಸಾಲುಗಳಲ್ಲಿ ಹದಿನೈದು ಸರಿಯಾಗಿತ್ತು. ನಾಲ್ಕನೆಯದರಲ್ಲಿ ಹದಿನಾಲ್ಕು, ಐದನೆಯದರಲ್ಲಿ ಹದಿಮೂರು, ಹೀಗೆ ಎಂಟನೆಯದರವರೆಗೂ ಸಾಲಿಗೆ ಒಂದರಂತೆ ಇಳಿದಿತ್ತು. ಆ ಮೂರು ಸಾಲುಗಳನ್ನು ಅವರು ತರಗತಿಯಲ್ಲಿ ಎಣಿಸಿಕೊಂಡು ಹೆಣೆದಿದ್ದರು, ಉಳಿದ ಐದನ್ನು ಮನೆಯಲ್ಲಿ ಎಣಿಸದೆ ಹೆಣೆದಿದ್ದರು. ಐದು ಸಾಲಿಗೆ ಐದು ಹೆಣಿಕೆ ಹೋಗಿರುವುದರಿಂದಲೂ, ಸಾಲಿಗೊಮ್ಮೆ ಕೆಲಸವನ್ನು ತಿರುಗಿಸುವ ಕಾರಣ ನಷ್ಟವು ಎರಡೂ ಅಂಚುಗಳಿಗೆ ಹಂಚಿಹೋಗಿರುವುದರಿಂದಲೂ ತಪ್ಪು ಪ್ರತಿ ಸಾಲಿನ ಒಂದೇ ಜಾಗದಲ್ಲಿ ಆಗುತ್ತಿದೆಯೆಂದು ತಿಳಿಯಿತು. ಅಂಚನ್ನು ಬೆರಳಿನಿಂದ ಅಗಲಿಸಿ ನೋಡಿದಾಗ ಪ್ರತಿ ಸಾಲಿನ ಕೊನೆಗೂ ಹೆಣೆಯದೆ ಬಿಟ್ಟ ಒಂದು ತಲೆ ಕಾಣಿಸಿತು.

ಸರಿಪಡಿಸಿದ್ದು ಹೀಗೆ. ಕಡ್ಡಿಯನ್ನು ತೆಗೆದು, ನೂಲನ್ನು ನಿಧಾನವಾಗಿ ಎಳೆದು, ಐದೂ ಸಾಲುಗಳನ್ನು ಬಿಚ್ಚಿದರು. ಮೂರನೆಯ ಸಾಲಿನ ಕೊನೆಗೆ ಬಂದಾಗ ನಿಲ್ಲಿಸಿ, ಉಳಿದ ಒಂದು ಕುಣಿಕೆಗೆ ಕಡ್ಡಿ ಹಾಕಿ, ಮತ್ತೊಮ್ಮೆ ಹದಿನೈದು ಎಣಿಸಿದರು. ಅಲ್ಲಿಂದ ಮುಂದೆ ಪ್ರತಿ ಸಾಲಿನ ಮೊದಲ ಹೆಣಿಕೆಯನ್ನು ಮುಗಿಸಿದ ಕೂಡಲೇ ಅದರ ತಲೆಗೆ ಒಂದು ಸಣ್ಣ ಪಿನ್ನು ಸಿಕ್ಕಿಸಿದರು. ಮುಂದಿನ ಸಾಲಿನಲ್ಲಿ ಆ ಪಿನ್ನು ಇರುವ ಹೆಣಿಕೆಯನ್ನು ಹೆಣೆಯುವವರೆಗೆ ಸಾಲು ಮುಗಿಯಲಿಲ್ಲವೆಂದೇ ಅರ್ಥ. ಪಿನ್ನನ್ನು ಹಾಗೆ ಮೇಲೇರಿಸುತ್ತಾ ಹೆಣೆದ ಅವರ ಚೌಕದ ಅಂಚುಗಳು ಮುಂದೆ ವಾಲಲಿಲ್ಲ. ಆ ಪಿನ್ನಿನ ಮೇಲೆ ನನಗೆ ಬಹಳ ವಿಶ್ವಾಸವಿದೆ, ಆದ್ದರಿಂದ ಬಂದವರಿಗೆಲ್ಲ ಕಡ್ಡಿಯ ಜೊತೆಯಲ್ಲಿಯೇ ಎರಡು ಪಿನ್ನು ಕೊಡುತ್ತೇನೆ.

ನನ್ನದು ತಿರುವುಮುರುವು: ಮೇಲೆ ಅಗಲ, ಕೆಳಗೆ ಕಿರಿದು. ಇದೂ ಅದೇ ತಪ್ಪೇ?

ಎಣಿಸದೆ ಹೇಳಲಾಗದು, ಏಕೆಂದರೆ ಬೇರೆ ಬೇರೆ ಎರಡು ಕಾರಣಗಳಿಗೆ ಇದೇ ಆಕಾರ ಬರುತ್ತದೆ. ಮೇಲಿನ ಸಾಲಿನಲ್ಲಿ ಹದಿನೈದಕ್ಕಿಂತ ಹೆಚ್ಚು ಹೆಣಿಕೆಗಳಿದ್ದರೆ ತಾವು ತಿರುಗಿಸುವ ಚೈನಿಗೂ ಒಂದು ಹೆಣಿಕೆ ಹಾಕುತ್ತಿದ್ದೀರಿ, ಇಲ್ಲವೇ ಒಂದೇ ತಲೆಗೆ ಎರಡು ಸಲ ಹೆಣೆಯುತ್ತಿದ್ದೀರಿ. ಇದಕ್ಕೂ ಪಿನ್ನೇ ಪರಿಹಾರ: ಪಿನ್ನಿನ ಹೆಣಿಕೆಯ ಆಚೆಗೆ ಏನನ್ನೂ ಹೆಣೆಯಬಾರದು.

ಎಲ್ಲ ಸಾಲುಗಳಲ್ಲಿಯೂ ಹದಿನೈದೇ ಇದ್ದು ಕೆಳಗಿನ ಅಂಚು ಮಾತ್ರ ಕುಗ್ಗಿ ಕಮಾನಾಗಿದ್ದರೆ, ಮೊದಲು ಹಾಕಿದ ಚೈನ್ ಬಿಗಿಯಾಗಿದೆ ಎಂದರ್ಥ. ಅದನ್ನು ನಂತರ ಎಳೆದು ನೀಳ ಮಾಡಲು ಆಗುವುದಿಲ್ಲ, ಒಗೆದರೂ ಸರಿಹೋಗುವುದಿಲ್ಲ. ಹೊಸದಾಗಿ ಆರಂಭಿಸಿ, ಚೈನನ್ನು ಮಾತ್ರ ಐದು ಮಿಲಿಮೀಟರಿನ ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿನಿಂದ ನಾಲ್ಕಕ್ಕೆ ಬದಲಿಸಿಕೊಂಡರೆ ಅಂಚು ನೇರವಾಗುತ್ತದೆ. ಹೊಸಬರ ಕೈ ಬಿಗಿಯಾಗುವುದು ಸಹಜ. ಕುಣಿಕೆಯನ್ನು ಕಡ್ಡಿಯ ಕಿರಿದಾದ ಕೊರಳಿನಲ್ಲಿ ಬಿಗಿಯದೆ, ಅದರ ಪೂರ್ತಿ ದಪ್ಪವಿರುವ ಭಾಗದ ಮೇಲೆ ಕೂರಿಸಿದರೆ ಬಿಗಿ ಅರ್ಧ ಕಡಿಮೆಯಾಗುತ್ತದೆ.

ಇಷ್ಟೊಂದು ಬಿಚ್ಚಬೇಕಾದರೆ ಎಲ್ಲವೂ ಹಾಳಾಗುವುದಿಲ್ಲವೇ?

ಇಲ್ಲ. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದಿರುವುದರಿಂದ ಕಡ್ಡಿ ಜಾರಿದರೆ ಎಲ್ಲವನ್ನೂ ಹುಡುಕಿ ಹಿಡಿಯಬೇಕು. ಕ್ರೋಶಾದಲ್ಲಿ ಒಂದು ಹೆಣಿಕೆ ಮುಗಿದ ಮೇಲೆ ತೆರೆದಿರುವುದು ಒಂದೇ ಕುಣಿಕೆ. ಅದನ್ನು ಹಿಡಿದರೆ ಕೆಲಸ ಕೈಗೆ ಬಂತು. ಆದರೆ ಅದನ್ನು ಹಾಗೆಯೇ ಬಿಟ್ಟು ಚೀಲದಲ್ಲಿಟ್ಟರೆ ಎಳೆದುಕೊಂಡು ಬಿಚ್ಚಿಹೋಗುತ್ತದೆ, ಆದ್ದರಿಂದ ನಿಲ್ಲಿಸುವಾಗ ಅದಕ್ಕೂ ಒಂದು ಪಿನ್ನು ಹಾಕಿಡಿ.

ಚೌಕ ನಿಜವಾಗಿಯೂ ಚೌಕವಾಗಿದೆಯೇ ಎಂದು ನೋಡುವುದು ಹೇಗೆ?

ಸಿಂಗಲ್ ಕ್ರೋಶಾ ಹೆಣಿಕೆಯ ಎತ್ತರವು ಅಗಲಕ್ಕಿಂತ ತುಸು ಕಡಿಮೆ. ಹೀಗಾಗಿ ಹದಿನೈದು ಹೆಣಿಕೆಗೆ ಹದಿನೈದು ಸಾಲು ಹೆಣೆದರೆ ಅಡ್ಡಗಲದ ಪಟ್ಟಿ ಬರುತ್ತದೆ. ಹದಿನಾರನೆಯ ಸಾಲಿನ ನಂತರ ಪ್ರತಿ ಸಾಲಿಗೂ ಮೂಲೆಯಿಂದ ಮೂಲೆಗೆ ಮಡಚಿ ನೋಡಿ. ಅಂಚುಗಳು ಒಂದರ ಮೇಲೊಂದು ಕೂತಾಗ ನಿಲ್ಲಿಸಿ. ಬಹಳಷ್ಟು ಜನರಿಗೆ ಹದಿನೇಳು ಅಥವಾ ಹದಿನೆಂಟು ಸಾಲಿಗೆ ಇದು ಬರುತ್ತದೆ.

ನನಗೆ ಬೇಕಾಗಿರುವುದು ಸೀರೆಯ ಕುಚ್ಚು. ಅದನ್ನೇ ನೇರವಾಗಿ ಕಲಿಸಬಹುದೇ?

ಅತಿ ಹೆಚ್ಚು ಜನರು ಕೇಳುವ ಪ್ರಶ್ನೆ ಇದು, ಮತ್ತು ಇದಕ್ಕೆ ನನ್ನ ಉತ್ತರ ಇಲ್ಲವೆಂದೇ. ಕ್ರೋಶಾ ಕುಚ್ಚಿಗೆ ಒಂದು ಮಿಲಿಮೀಟರಿನ ಆಸುಪಾಸಿನ ಉಕ್ಕಿನ ಕಡ್ಡಿಯೂ ಜಾರುವ ರೇಷ್ಮೆ ದಾರವೂ ಬೇಕು, ಮತ್ತು ಮೊದಲ ಸಾಲನ್ನು ಸೆರಗಿನ ಬಟ್ಟೆಯನ್ನೇ ಚುಚ್ಚಿ ಹೆಣೆಯಬೇಕು. ನೂಲಿನ ಚೌಕವನ್ನು ಬಿಚ್ಚಿದರೆ ನೂಲು ಮರಳಿ ಸಿಗುತ್ತದೆ, ಸೆರಗಿನಿಂದ ಬಿಚ್ಚಿದರೆ ರಂಧ್ರ ಉಳಿಯುತ್ತದೆ. ಕೊಕ್ಕೆಗೆ ಜರಿಯ ಎಳೆ ಸಿಕ್ಕಿಕೊಂಡರೆ ಅಂಚು ಸುಕ್ಕಾಗುತ್ತದೆ. ಚೌಕ ಸರಿಯಾಗಿ ಬಂದವರಿಗೆ ನಾನು ಕುಚ್ಚನ್ನು ಖಂಡಿತ ಹೇಳಿಕೊಡುತ್ತೇನೆ, ಆದರೆ ಅದನ್ನೂ ಮೊದಲು ಹಳೆಯ ಬ್ಲೌಸ್ ಪೀಸಿನ ಅಂಚಿಗೆ ಹೆಣೆದು ತೋರಿಸಬೇಕು. ಕುಚ್ಚುಗಳ ನಡುವೆ ಸಮನಾದ ಅಂತರವಿಡಲು ಬೇಕಾಗುವುದೂ ಚೌಕದಲ್ಲಿ ಕಲಿತ ಎಣಿಕೆಯೇ.

ಮನೆಯಲ್ಲಿ ವೀಡಿಯೊ ನೋಡಿಕೊಂಡು ಮುಂದುವರಿಸಬಹುದೇ?

ಮುಂದುವರಿಸಿ. ಒಂದು ಎಚ್ಚರಿಕೆ ಮಾತ್ರ ಇರಲಿ: ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನು ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುತ್ತಾರೆ. ಹೇಳುವವರ ಬಾಯಲ್ಲಿ ‘ಸಿಂಗಲ್’ ಎಂಬ ಮಾತು ಎಲ್ಲಾದರೂ ಬಂದರೆ ಅದು ಅಮೆರಿಕದ ಪದ್ಧತಿ, ನಾನು ಕಲಿಸುವುದೂ ಅದನ್ನೇ.

ಮಳೆಗಾಲದಲ್ಲಿ ನೂಲನ್ನು ಹೇಗೆ ಕಾಪಾಡಬೇಕು?

ಹತ್ತಿಯ ನೂಲು ಗಾಳಿಯ ತೇವವನ್ನು ಹೀರಿಕೊಂಡು ಮುಗ್ಗಲು ವಾಸನೆ ಹಿಡಿಯುತ್ತದೆ, ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಬೂಸಲು ಚುಕ್ಕೆಗಳು ಬೀಳುತ್ತವೆ. ಅಕ್ರಿಲಿಕ್ ಅಷ್ಟು ತೇವ ಹೀರುವುದಿಲ್ಲ. ನೂಲು ಚೆನ್ನಾಗಿ ಒಣಗಿರುವ ದಿನವೇ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಬಿಸಿಲು ಕಂಡಾಗ ಒಮ್ಮೆ ತೆರೆದಿಡಿ. ಉಕ್ಕಿನ ಕಡ್ಡಿಯನ್ನಾಗಲಿ ಪಿನ್ನನ್ನಾಗಲಿ ಹೆಣಿಗೆಯಲ್ಲೇ ಸಿಕ್ಕಿಸಿಟ್ಟು ವಾರಗಟ್ಟಲೆ ಮರೆಯಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ. ಒಗೆದ ಚೌಕವನ್ನು ಹಿಂಡಬಾರದು, ತಂತಿಗೂ ನೇತುಹಾಕಬಾರದು. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಆಕಾರ ಸರಿಮಾಡಿ, ಚಪ್ಪಟೆಯಾಗಿ ಹಾಸಿ ಒಣಗಿಸಬೇಕು.

ಎಡಗೈಯವರು, ಗಂಡಸರು, ಮಕ್ಕಳು, ವಯಸ್ಸಾದವರು ಬರಬಹುದೇ?

ಎಲ್ಲರೂ ಬರಬಹುದು. ಎಡಗೈಯವರು ನನ್ನ ಪಕ್ಕದಲ್ಲಿ ಕೂರದೆ ಎದುರಿಗೆ ಕೂರಬೇಕು, ಆಗ ನನ್ನ ಕೈ ಅವರಿಗೆ ಕನ್ನಡಿಯಲ್ಲಿ ಕಂಡಂತೆ ಸರಿಯಾಗಿ ಕಾಣುತ್ತದೆ. ಅವರ ಸಾಲು ಎಡದಿಂದ ಬಲಕ್ಕೆ ಸಾಗುತ್ತದೆ, ಉಳಿದುದೆಲ್ಲ ಒಂದೇ. ಮಕ್ಕಳು ನಾಲ್ಕನೆಯ ತರಗತಿಗೆ ಬಂದಿದ್ದರೆ ಒಳ್ಳೆಯದು. ಓದಲು ಕನ್ನಡಕ ಬೇಕಾಗುವವರು ಅದನ್ನು ಮರೆಯದೆ ತರಬೇಕು.

ಹೆಬ್ಬೆರಳಿನ ಬುಡದಲ್ಲಿ ಅಥವಾ ಮಣಿಕಟ್ಟಿನಲ್ಲಿ ನೋವಿರುವವರು ಕಡ್ಡಿಯ ಹಿಡಿಗೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿಕೊಂಡರೆ ಬಿಗಿಯಾಗಿ ಹಿಡಿಯಬೇಕಾಗುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರೂ ಕಡ್ಡಿ ಕೆಳಗಿಡುವುದು ನಮ್ಮಲ್ಲಿ ನಿಯಮ. ಬೆರಳುಗಳು ಜೋಮು ಹಿಡಿಯುತ್ತಿದ್ದರೆ ಹೆಣೆಯುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿಕೊಳ್ಳಿ.

ಅಡಿಕೆ ಕೊಯ್ಲಿನ ಸಮಯದಲ್ಲಿ ಊರಿಗೆ ಹೋಗುತ್ತೇವೆ. ನಡುವೆ ತಪ್ಪಿದರೆ ಹೇಗೆ?

ಯಾರೂ ಹಿಂದುಳಿಯುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ಅವರವರ ಚೌಕದಲ್ಲಿ ಎಲ್ಲಿದ್ದಾರೋ ಅಲ್ಲಿಂದಲೇ ಮುಂದುವರಿಸುತ್ತಾರೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಗೆ ಹೋಗಿ ಬರುವವರು ನಮ್ಮಲ್ಲಿ ಹಲವರಿದ್ದಾರೆ. ಹೊರಡುವ ಮೊದಲು ಎಷ್ಟನೆಯ ಸಾಲಿನಲ್ಲಿ ನಿಂತಿದೆಯೆಂದು ಚೀಟಿಯಲ್ಲಿ ಬರೆದು ಕೆಲಸದ ಜೊತೆಗಿಡಿ. ಅಡಿಕೆ ಸುಲಿದ ಕೈಯಲ್ಲಿ ತಿಳಿ ಬಣ್ಣದ ನೂಲನ್ನು ಮಾತ್ರ ಮುಟ್ಟಬೇಡಿ, ಆ ಚೊಗರಿನ ಕಲೆ ಒಗೆದರೂ ಬಿಡುವುದಿಲ್ಲ.

ಮುಗಿದ ಮೇಲೆ ತುದಿಗೆ ಗಂಟು ಹಾಕಿ ಕತ್ತರಿಸಿದರೆ ಸಾಲದೇ?

ಸಾಲದು. ಗಂಟು ಒಗೆತದಲ್ಲಿ ಸಡಿಲವಾಗಿ, ಚೌಕವು ಕೊನೆಯ ಸಾಲಿನಿಂದ ಬಿಚ್ಚಿಕೊಳ್ಳುತ್ತದೆ. ಗೇಣುದ್ದ ನೂಲು ಬಿಟ್ಟು ಕತ್ತರಿಸಿ, ಅದನ್ನು ಕೊನೆಯ ಕುಣಿಕೆಯೊಳಗಿನಿಂದ ಪೂರ್ತಿ ಎಳೆದುಬಿಡಿ. ನಂತರ ಮೊಂಡು ಮೊನೆಯ ದಪ್ಪ ಸೂಜಿಗೆ ಪೋಣಿಸಿ, ಹೆಣಿಕೆಗಳ ಒಳಗಿನಿಂದ ಎರಡು ಇಂಚು ಒಂದು ಕಡೆಗೆ, ಮತ್ತೆ ಅಷ್ಟೇ ಹಿಂದಕ್ಕೆ ಸಾಗಿಸಿ ಉಳಿದುದನ್ನು ಕತ್ತರಿಸಿ.

ಹೆಸರು ಕೊಡಬೇಕೇ? ಬರುವಾಗ ಏನು ತರಬೇಕು?

ಒಬ್ಬೊಬ್ಬರ ಬೆರಳುಗಳನ್ನೂ ಹತ್ತಿರದಿಂದ ನೋಡಬೇಕಾಗಿರುವುದರಿಂದ ಒಂದು ಸಲಕ್ಕೆ ಎಂಟು ಜನರಿಗೆ ಮಾತ್ರ ಕಲಿಸುತ್ತೇನೆ. ಶುಕ್ರವಾರ ಸಂಜೆಯೊಳಗೆ ಗೇಟಿನ ಬಳಿ ನೇತುಹಾಕಿರುವ ಪುಸ್ತಕದಲ್ಲಿ ಹೆಸರು ಬರೆದು ಹೋಗಿ. ಎಂಟು ತುಂಬಿದ್ದರೆ ಮುಂದಿನ ಶನಿವಾರದ ಪುಟದಲ್ಲಿ ಬರೆಯಿರಿ. ಮಳೆ ಜೋರಾಗಿದ್ದರೂ ತರಗತಿ ನಡೆಯುತ್ತದೆ, ಜಗಲಿಗೆ ಎರಚಲು ಬಂದರೆ ಒಳಗೆ ಹಜಾರದಲ್ಲಿ ಕೂರುತ್ತೇವೆ. ತಾವು ತರಬೇಕಾದುದು ಒಂದು ಬಟ್ಟೆಯ ಚೀಲ, ಸಣ್ಣ ಕತ್ತರಿ ಮತ್ತು ಬೇಕಾದವರು ಕನ್ನಡಕ.

ಇತಿ ತಮ್ಮ ನೆರೆಯ ನಿವೃತ್ತ ಶಿಕ್ಷಕಿ,
ವಿನೋಬನಗರ, ಶಿವಮೊಗ್ಗ